ಕೊನೇ ಬಸ್ಸಿನ ಹಾಡು ಮಾರಿದ ಕತೆ

2008ರಲ್ಲಿ ನಮ್ಮ ಬ್ಯಾಂಡಿಗೆ ಒಂದು ಆಡಿಯೊ ಕಂಪನಿಯಿಂದ ಒಪ್ಪಂದದ ಕಾಗದ ಬಂತು. ಒಟ್ಟು ಹದಿನೇಳು ಪುಟ. ನಾಲ್ಕು ಜನರಲ್ಲಿ ಬಿ.ಕಾಂ. ಮಾಡಿದವನು ಬೇಸ್ ಗಿಟಾರ್ ನುಡಿಸುತ್ತಿದ್ದ ನಾನೊಬ್ಬನೇ. ಹಾಗಾಗಿ ಅದನ್ನು ಓದುವ ಕೆಲಸ ನನ್ನ ತಲೆಗೇ ಬಿತ್ತು.

ಆ ಸಂಜೆ ರಾಜಾಜಿನಗರದ ಜ್ಯಾಮ್ ರೂಮಿನಲ್ಲಿ ಯಾರೂ ವಾದ್ಯ ಮುಟ್ಟಲಿಲ್ಲ. ಬರೀ ಜಗಳ. ಸೈನ್ ಮಾಡಿದರೆ ಸೆಲ್ ಔಟ್ ಆದರು, ದುಡ್ಡಿಗೆ ತಮ್ಮನ್ನೇ ಮಾರಿಕೊಂಡರು ಅಂತಾರೆ ಅಂತ ಹಾಡುಗಾರ. "ಯಾರೋ ಅನ್ನೋರು? ನಮ್ಮ ಶೋಗೆ ಬರೋದೇ ನೂರಿಪ್ಪತ್ತು ಜನ" ಅಂತ ಡ್ರಮ್ಮರ್. ಮನೆಗೆ ಬಂದು ಸೋದರಮಾವನ ಹತ್ತಿರ ಹೇಳಿದೆ. ಅವರಿಗೆ ಸಮಸ್ಯೆಯೇ ಅರ್ಥ ಆಗಲಿಲ್ಲ. "ಕಮರ್ಷಿಯಲ್ ಆದ್ರೆ ತಪ್ಪೇನೋ? ಸಿನಿಮಾದೋರು ಅದನ್ನೇ ಹೆಮ್ಮೆಯಿಂದ ಹೇಳ್ಕೋತಾರಲ್ಲ!"

ಮಾವನ ಮಾತು ಸುಳ್ಳಲ್ಲ. ನಮ್ಮಲ್ಲಿ 'ಕಮರ್ಷಿಯಲ್' ಅಂದರೆ ಫೈಟು, ಹಾಡು, ಕಾಮಿಡಿ ಎಲ್ಲ ಇರುವ ಸಿನಿಮಾ. ಅದು ಬೈಗುಳ ಆಗಿದ್ದು ರಾಕ್‌ನಲ್ಲಿ, ಅದರಲ್ಲೂ ಪಂಕ್‌ನಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಗಿಲ್ಮನ್ ಅಂತ ಒಂದು ಜಾಗ ಇದೆ. 1986ರ ಕೊನೆಯ ದಿನ ಶುರುವಾಗಿದ್ದು. ಅದಕ್ಕೆ ಮಾಲೀಕರಿಲ್ಲ, ಲಾಭದ ಲೆಕ್ಕವಿಲ್ಲ, ಹುಡುಗರೇ ಸೇರಿ ನಡೆಸುತ್ತಿದ್ದರು. ದೊಡ್ಡ ಲೇಬಲ್, ಅಂದರೆ ದೊಡ್ಡ ಆಡಿಯೊ ಕಂಪನಿಗಳ ಜೊತೆ ಸೈನ್ ಮಾಡಿದ ಬ್ಯಾಂಡಿಗೆ ಅಲ್ಲಿ ವೇದಿಕೆ ಇಲ್ಲ ಅನ್ನುವುದು ನಿಯಮವಾಗಿತ್ತು. ಗ್ರೀನ್ ಡೇ ಬ್ಯಾಂಡ್ ಬೆಳೆದಿದ್ದು ಅದೇ ವೇದಿಕೆಯ ಮೇಲೆ. 1993ರಲ್ಲಿ ವಾರ್ನರ್ ಕಂಪನಿಗೆ ಸೇರಿದ ರಿಪ್ರೈಸ್ ಲೇಬಲ್ ಜೊತೆ ಸೈನ್ ಮಾಡಿದ ಮೇಲೆ ಅವರಿಗೂ ಬಾಗಿಲು ಮುಚ್ಚಿತು. ಮತ್ತೆ ಅಲ್ಲಿ ನುಡಿಸಿದ್ದು 2015ರಲ್ಲಿ, ಬೆಂಕಿ ಅನಾಹುತದಲ್ಲಿ ನೊಂದವರಿಗಾಗಿ ನಡೆದ ಒಂದು ಶೋನಲ್ಲಿ.

ಹೊರಗಿನವರಿಗೆ ಇದು ಬರೀ ಮಡಿ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಸ್ಟೀವ್ ಆಲ್ಬಿನಿ 1993ರಲ್ಲಿ ಬರೆದ ಲೇಖನ ಓದುವ ತನಕ. ಆಲ್ಬಿನಿ ಶಿಕಾಗೊದ ಗಿಟಾರಿಸ್ಟು, ರೆಕಾರ್ಡಿಂಗ್ ಮಾಡುತ್ತಿದ್ದವರು. ನಿರ್ವಾಣ ಬ್ಯಾಂಡಿನ ಕೊನೆಯ ಸ್ಟುಡಿಯೊ ಆಲ್ಬಮ್ ರೆಕಾರ್ಡ್ ಮಾಡಿದವರೂ ಅವರೇ. ಅದಕ್ಕೆ ಮಾರಾಟದ ಮೇಲಿನ ರಾಯಲ್ಟಿ ಬೇಡ, ಪ್ಲಂಬರ್‌ಗೆ ಕೊಡುವ ಹಾಗೆ ಕೆಲಸಕ್ಕೆ ಕೂಲಿ ಕೊಡಿ ಸಾಕು ಅಂದಿದ್ದರು. ಅವರ ಲೇಖನದಲ್ಲಿ ಉಪದೇಶಕ್ಕಿಂತ ಲೆಕ್ಕ ಜಾಸ್ತಿ. ನಾನು ಅದನ್ನು ಪ್ರಿಂಟ್ ತೆಗೆದು, ದರ್ಶಿನಿಯಲ್ಲಿ ಕಾಫಿ ಇಟ್ಟುಕೊಂಡು, ಪಕ್ಕದಲ್ಲಿ ನಮ್ಮ ಒಪ್ಪಂದ ಹರಡಿಕೊಂಡು ಕೂತೆ.

ಆಲ್ಬಿನಿಯ ಲೆಕ್ಕದಲ್ಲಿ ಒಂದು ಬ್ಯಾಂಡಿಗೆ ಎರಡೂವರೆ ಲಕ್ಷ ಡಾಲರ್ ಅಡ್ವಾನ್ಸ್ ಸಿಗುತ್ತದೆ. ಆಲ್ಬಮ್ ಎರಡೂವರೆ ಲಕ್ಷ ಪ್ರತಿ ಖರ್ಚಾಗುತ್ತದೆ. ಅಂಗಡಿಯಲ್ಲಿ ಒಟ್ಟು 30 ಲಕ್ಷ ಡಾಲರ್ ವ್ಯಾಪಾರ. ಅದರ ಶೇ. 90ರ ಮೇಲೆ ಬ್ಯಾಂಡಿಗೆ ಶೇ. 13 ರಾಯಲ್ಟಿ, ಅಂದರೆ 3,51,000 ಡಾಲರ್. ಇಲ್ಲಿವರೆಗೆ ಚೆನ್ನಾಗಿದೆ, ಅಲ್ವಾ? ಈಗ ಕಳೆಯುತ್ತಾ ಬನ್ನಿ. ಅಡ್ವಾನ್ಸ್ ಅನ್ನುವುದು ಬಹುಮಾನ ಅಲ್ಲ, ಸಾಲ. ಅದರ 2,50,000 ಹೋಯಿತು. ರೆಕಾರ್ಡಿಂಗ್ ನೋಡಿಕೊಳ್ಳುವ ಪ್ರೊಡ್ಯೂಸರ್‌ನ ಪಾಲು 40,000. ಪ್ರಚಾರಕ್ಕೆ 25,000. ಬ್ಯಾಂಡನ್ನು ಹಳೆಯ ಸಣ್ಣ ಲೇಬಲ್‌ನಿಂದ ಬಿಡಿಸಿಕೊಂಡಿದ್ದಕ್ಕೆ 50,000. ಎಲ್ಲ ಕಳೆದರೆ ಬ್ಯಾಂಡೇ ಕಂಪನಿಗೆ 14,000 ಡಾಲರ್ ಬಾಕಿ! ಅಡ್ವಾನ್ಸು, ಟೂರು, ಟೀ ಶರ್ಟು ಎಲ್ಲದರಲ್ಲೂ ಉಳಿದಿದ್ದು ಸೇರಿಸಿದರೆ ಒಬ್ಬೊಬ್ಬರ ಕೈಗೆ ಸಿಕ್ಕಿದ್ದು 4,031 ಡಾಲರ್ 25 ಸೆಂಟ್. ಕಂಪನಿಗೆ 7,10,000.

ನಮ್ಮ ಕಾಗದದಲ್ಲಿ ಅಂಕಿ ಚಿಕ್ಕದು, ಆಟ ಅದೇ. ನಾಲ್ಕು ಲಕ್ಷ ರೂಪಾಯಿ ಅಡ್ವಾನ್ಸ್. ಸಿ.ಡಿ. ಬೆಲೆ 150. ಪ್ಯಾಕೇಜಿಂಗ್ ಅಂತ ಮೊದಲೇ ಶೇ. 25 ಕಡಿತ, ಉಳಿದ 112 ರೂಪಾಯಿ 50 ಪೈಸೆಯ ಮೇಲೆ ನಮಗೆ ಶೇ. 8. ಅಂದರೆ ಒಂದು ಸಿ.ಡಿ.ಗೆ 9 ರೂಪಾಯಿ. ನಾಲ್ಕು ಲಕ್ಷದ ಸಾಲ ತೀರಬೇಕಾದರೆ 44,445 ಸಿ.ಡಿ. ಮಾರಾಟ ಆಗಬೇಕು. ಅದಾದ ಮೇಲಿನ ಸಿ.ಡಿ.ಯಿಂದ ನಮಗೆ ಒಂಬತ್ತೊಂಬತ್ತು ರೂಪಾಯಿ. ನಾವೇ ಮಾಡಿಸಿದ ಮೊದಲ ಸಿ.ಡಿ. ಎರಡು ವರ್ಷದಲ್ಲಿ ಹೋಗಿದ್ದು 600.

ಆ 600ರ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೋಸ ಆಗುತ್ತದೆ. ರೆಕಾರ್ಡಿಂಗ್‌ಗೆ 40,000, ಸಾವಿರ ಸಿ.ಡಿ. ಮಾಡಿಸಲು 35,000. ಶೋ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿ ನೂರು ನೂರು ರೂಪಾಯಿಗೆ ಮಾರಿದ್ದರಿಂದ ಬಂದಿದ್ದು 60,000. ಹದಿನೈದು ಸಾವಿರ ನಷ್ಟ. ಆಲ್ಬಿನಿಯ ಲೆಕ್ಕದ ಬ್ಯಾಂಡಿಗೆ ಡಾಲರಿನಲ್ಲಿ ಕೈಕಚ್ಚಿತು, ನಮಗೆ ರೂಪಾಯಿಯಲ್ಲಿ. ಆದರೆ ನಮ್ಮ ನಷ್ಟ ಅಲ್ಲಿಗೇ ನಿಂತಿತು, ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ನಮ್ಮ ಹತ್ತಿರವೇ ಉಳಿಯಿತು.

ನನ್ನನ್ನು ನಿಜವಾಗಿ ಹೆದರಿಸಿದ್ದು ದುಡ್ಡಿನ ಪುಟಗಳಲ್ಲ, ಹನ್ನೊಂದನೇ ಪುಟ. ಅಲ್ಲಿ ಎರಡು ಸಾಲು ಇದ್ದವು. ಮುಂದಿನ ಮೂರು ಆಲ್ಬಮ್ ಮಾಡಿಸುವುದೋ ಬಿಡುವುದೋ ಕಂಪನಿಯ ಇಷ್ಟ, ಅಲ್ಲಿಯ ತನಕ ನಾವು ಬೇರೆಯವರಿಗೆ ಹಾಡುವ ಹಾಗಿಲ್ಲ. ಎರಡನೆಯದು, ನಾವು ಕೊಟ್ಟ ರೆಕಾರ್ಡಿಂಗ್ 'ವ್ಯಾಪಾರಕ್ಕೆ ತಕ್ಕಂತೆ' ಇಲ್ಲ ಅನ್ನಿಸಿದರೆ ಕಂಪನಿ ವಾಪಸ್ ಮಾಡಬಹುದು. ಬ್ಯಾಂಡುಗಳ ಸೌಂಡು ಬದಲಾಗುವುದು ಇಂಥ ಸಾಲಿನಿಂದ. ಯಾರೂ ಬಂದು ಗಿಟಾರ್ ಕಮ್ಮಿ ಮಾಡಿ ಅನ್ನುವುದಿಲ್ಲ. ಆಲ್ಬಮ್ ವಾಪಸ್ ಬರುತ್ತದೆ, ಅಡ್ವಾನ್ಸ್ ಖರ್ಚಾಗಿ ಹೋಗಿರುತ್ತದೆ. ಆಗ ಗಿಟಾರ್ ಕಮ್ಮಿ ಮಾಡುವ ಯೋಚನೆ ಬ್ಯಾಂಡಿಗೇ ತಾನಾಗಿ ಬರುತ್ತದೆ.

ಆ ಸಾಲು ತೆಗೆಯಿರಿ ಅಂದೆವು. ಆಗಲ್ಲ ಅಂದರು. ಬಿಟ್ಟೆವು. ನಮ್ಮ ಹಾಡುಗಾರ ಮುಂದಿನ ಶೋನಲ್ಲಿ ಮೈಕ್ ಹಿಡಿದು, "ನಾವು ಯಾರಿಗೂ ಮಾರಿಕೊಳ್ಳಲ್ಲ" ಅಂದುಬಿಟ್ಟ. ಜನ ಕಿರುಚಿದರು, ಶಿಳ್ಳೆ ಹೊಡೆದರು. ನನಗೂ ಮೈ ಜುಂ ಅಂತು. ಆ ಮಾತೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ಮಾರನೇ ವರ್ಷ ಒಂದು ಬೈಕ್ ಜಾಹೀರಾತಿಗೆ ನಮ್ಮ ಹಾಡು ಕೇಳಿಕೊಂಡು ಬಂದರು. ಕೊನೇ ಬಸ್ಸು ತಪ್ಪಿಸಿಕೊಂಡು ರಾತ್ರಿಯಿಡೀ ಸ್ಟ್ಯಾಂಡಿನಲ್ಲಿ ಕೂತವನ ಹಾಡು ಅದು. ಮೂವತ್ತು ಸೆಕೆಂಡು, ಒಂದು ವರ್ಷ, ಕನ್ನಡ ಚಾನೆಲ್‌ಗಳಲ್ಲಿ ಮಾತ್ರ. ಒಂದೂವರೆ ಲಕ್ಷ, ಟಿ.ಡಿ.ಎಸ್. ಕಳೆದು 1,35,000. ಸಾಲ ಅಲ್ಲ, ವಾಪಸ್ ಕೊಡಬೇಕಾಗಿಲ್ಲ. ಮಾಸ್ಟರ್ ನಮ್ಮದೇ. ಹಿಂದಿನ ಒಪ್ಪಂದಕ್ಕೆ ಹೋಲಿಸಿದರೆ ಇದು ಚಿನ್ನದಂಥದ್ದು. ಸೈನ್ ಮಾಡಿದೆವು. 'ಅಗತ್ಯಕ್ಕೆ ತಕ್ಕಂತೆ ಎಡಿಟ್ ಮಾಡಬಹುದು' ಅನ್ನುವ ಸಾಲನ್ನು ನಾನು ಓದಿದ್ದೆ. ಉದ್ದ ಕತ್ತರಿಸುತ್ತಾರೆ ಅಂದುಕೊಂಡು ಸುಮ್ನೆ ಬಿಟ್ಟೆ. ಈ ತಪ್ಪು ಪೂರ್ತಿ ನನ್ನದು.

ಟಿ.ವಿ.ಯಲ್ಲಿ ಬಂದಾಗ ಹಾಡಿನ ವೇಗ ಹೆಚ್ಚಿತ್ತು. ಬಸ್ಸು ಹೋಯಿತು ಅನ್ನುವ ಸಾಲು ಮುಗಿಯುತ್ತಿದ್ದ ಹಾಗೆ ಬೈಕ್ ಮೇಲೆ ಹುಡುಗ ನಗುತ್ತಾ ಬರುತ್ತಾನೆ. "ಬಸ್ ಯಾಕ್ ಬೇಕು?" ಅನ್ನುತ್ತದೆ ಹಿನ್ನೆಲೆಯ ದನಿ. ನಮ್ಮ ಅಮ್ಮನಿಗೆ ಬಹಳ ಇಷ್ಟ ಆಯಿತು.

ಅದಾದ ಮೇಲಿನ ಮೊದಲ ಶೋನಲ್ಲಿ ಮುಂದಿನ ಸಾಲಿನಲ್ಲಿ ಯಾವಾಗಲೂ ನಿಲ್ಲುತ್ತಿದ್ದ ಒಬ್ಬ ಹುಡುಗ ನಮ್ಮ ಬ್ಯಾಂಡಿನ ಟೀ ಶರ್ಟನ್ನೇ ಹಾಕಿಕೊಂಡು ಬಂದಿದ್ದ. ಒಳಮೈ ಹೊರಗೆ ಮಾಡಿ. ಹೊಲಿಗೆ ಕಾಣುತ್ತಿತ್ತು, ನಮ್ಮ ಹೆಸರು ಮಸುಕಾಗಿ ಉಲ್ಟಾ ಕಾಣುತ್ತಿತ್ತು. ಕೈಕಟ್ಟಿಕೊಂಡು ಪೂರ್ತಿ ಶೋ ನಿಂತ. ಬಸ್ಸಿನ ಹಾಡು ಶುರುವಾದಾಗ ಹಿಂದಿನಿಂದ ಯಾರೋ ಬೈಕ್ ಹಾರ್ನಿನ ಹಾಗೆ "ಪೀಂ ಪೀಂ" ಅಂದರು. ಜನ ನಕ್ಕರು. ಆ ಹಾಡನ್ನು ನಾವು ಆಮೇಲೆ ವರ್ಷಗಟ್ಟಲೆ ನುಡಿಸಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಇದೇ ಜನರ ಎದುರು ನಾವು ಮೂರು ವರ್ಷ, ಪ್ರತಿ ಗುರುವಾರ, ಒಂದು ಪಬ್ಬಿನಲ್ಲಿ ಹನ್ನೆರಡು ಸಾವಿರಕ್ಕೆ ಬೇರೆಯವರ ಹಾಡು ಹಾಡಿದ್ದೆವು. ಆಗ ಒಬ್ಬರೂ ಸೆಲ್ ಔಟ್ ಅನ್ನಲಿಲ್ಲ. ನಿಧಾನಕ್ಕೆ ತಿಳಿಯಿತು. ಪಬ್ಬಿನಲ್ಲಿ ಮಾರಿದ್ದು ನಮ್ಮ ಗುರುವಾರವನ್ನು. ಅದು ನಮ್ಮದೇ. ಬಸ್ಸಿನ ಹಾಡನ್ನು ಅವರು ತಮ್ಮದು ಅಂದುಕೊಂಡಿದ್ದರು. ಸಾಲದ್ದಕ್ಕೆ ಮಾರಲ್ಲ ಅಂತ ಮೈಕಿನಲ್ಲಿ ಹೇಳಿದ್ದೂ ನಾವೇ.

ಸ್ಯಾನ್ ಫ್ರಾನ್ಸಿಸ್ಕೊದ ಜಾಬ್ರೇಕರ್ ಬ್ಯಾಂಡಿಗೆ ಆಗಿದ್ದೂ ಹೆಚ್ಚುಕಮ್ಮಿ ಇದೇ. 1993ರಲ್ಲಿ ನಿರ್ವಾಣ ಜೊತೆ ಕೆಲವು ಶೋ ಮಾಡಿದಾಗಲೇ ಅನುಮಾನ ಶುರುವಾಗಿತ್ತು. ದೊಡ್ಡ ಲೇಬಲ್‌ಗೆ ಹೋಗಲ್ಲ ಅಂತ ಹಾಡುಗಾರ ಬ್ಲೇಕ್ ಶ್ವಾರ್ಟ್ಜನ್‌ಬಾಕ್ ವೇದಿಕೆಯ ಮೇಲೇ ಹೇಳುತ್ತಿದ್ದ. ಆಮೇಲೆ ಗೆಫೆನ್ ಕಂಪನಿಯ ಲೇಬಲ್ ಜೊತೆ ಸೈನ್ ಮಾಡಿದರು. 1995ರಲ್ಲಿ ಆಲ್ಬಮ್ ಬಂತು, ಪ್ರೊಡ್ಯೂಸರ್ ಗ್ರೀನ್ ಡೇ ಜೊತೆ ಕೆಲಸ ಮಾಡಿದ್ದ ರಾಬ್ ಕವಾಲೊ. ಹಳೆಯ ಅಭಿಮಾನಿಗಳು ಶೋಗೆ ಬಂದು ಬ್ಯಾಂಡಿಗೆ ಬೆನ್ನು ಹಾಕಿ ಕೂತರು ಅಂತ ಹೇಳುತ್ತಾರೆ. ದನಿ ನುಣುಪಾಗಿದೆ, ಕಂಪನಿ ಹಾಳು ಮಾಡಿತು ಅಂದರು. ಆದರೆ ಬ್ಲೇಕ್‌ಗೆ ಸೈನ್ ಮಾಡುವ ಮುಂಚೆಯೇ ಗಂಟಲಿನ ಆಪರೇಷನ್ ಆಗಿತ್ತು. ಹಳೆಯ ಹಾಗೆ ಕಿರುಚುವುದು ಗಂಟಲಿಗೇ ಕಷ್ಟವಾಗಿತ್ತು. ಒಪ್ಪಂದದ ಪುಟ ಅಭಿಮಾನಿಗೆ ಕಾಣುವುದಿಲ್ಲ, ಹಾಗಾಗಿ ಕಿವಿಗೆ ಬಿದ್ದಿದ್ದನ್ನೇ ಸಾಕ್ಷಿ ಮಾಡಿಕೊಳ್ಳುತ್ತಾನೆ. ಆ ಸಾಕ್ಷಿ ಬಹಳ ಸಲ ತಪ್ಪು. 1996ರಲ್ಲಿ ಬ್ಯಾಂಡ್ ಒಡೆಯಿತು. 2017ರಲ್ಲಿ ಶಿಕಾಗೊದ ಸಂಗೀತ ಹಬ್ಬವೊಂದರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಹಬ್ಬದ ದೊಡ್ಡ ಸುದ್ದಿಯೇ ಅದು.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬ್ಯಾಂಡ್ ಅರಮನೆ ಮೈದಾನಕ್ಕೆ ಬಂದಾಗ ನಾನೂ ಹೋಗಿದ್ದೆ. 1991ರ ಕಪ್ಪು ಹೊದಿಕೆಯ ಆಲ್ಬಮ್ಮಿನಿಂದ ಅವರು ಹಾಳಾದರು ಅಂತ ನಮ್ಮ ಜ್ಯಾಮ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದ ಡ್ರಮ್ಮರ್ ನನ್ನ ಪಕ್ಕದಲ್ಲೇ ಇದ್ದ. ಅದೇ ಆಲ್ಬಮ್ಮಿನ ನಿಧಾನದ ಹಾಡು ಬಂದಾಗ ನನ್ನ ಹೆಗಲ ಮೇಲೆ ಕೈ ಹಾಕಿ, ಶ್ರುತಿ ತಪ್ಪಿ, ಒಂದು ಪದವನ್ನೂ ಬಿಡದೆ ಹಾಡಿದ. ಇಪ್ಪತ್ತು ವರ್ಷ ಕಳೆದರೆ ಹಾಡಿನ ಬೆಲೆಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲವೇನೋ.

ಜಾಹೀರಾತಿನ ದುಡ್ಡಿನಲ್ಲಿ ಸಿ.ಡಿ.ಯ ಹದಿನೈದು ಸಾವಿರದ ನಷ್ಟ ತುಂಬಿಸಿದೆವು, ಒಂದು ಬೇಸ್ ಆಂಪ್ ತೆಗೆದುಕೊಂಡೆವು, ಉಳಿದಿದ್ದು ಹಂಚಿಕೊಂಡೆವು. ವರ್ಷ ಮುಗಿದ ಮೇಲೆ ಬೈಕ್ ಕಂಪನಿಯವರು ಅರ್ಧ ದುಡ್ಡಿಗೆ ಇನ್ನೊಂದು ವರ್ಷ ಕೊಡಿ ಅಂತ ಮೇಲ್ ಹಾಕಿದರು. ಕೊಡುತ್ತೇವೆ ಅಂದೆ, ಆದರೆ ವೇಗ ಮುಟ್ಟಬಾರದು, ಹಾಡಿನ ಮೇಲೆ ಮಾತು ಹಾಕಬಾರದು. ಉತ್ತರ ಬರಲಿಲ್ಲ. 400 ಸಿ.ಡಿ.ಯ ಡಬ್ಬ ನಮ್ಮ ಮನೆಯ ಮಂಚದ ಕೆಳಗೆ ಈಗಲೂ ಇದೆ.