ಡಿಸ್ಪೆನ್ಸರ್ ತೊಳೆದ ಮೇಲೆ ಕೋಲ್ಡೂ ಇಲ್ಲ ಹಾಟೂ ಇಲ್ಲ ಅನ್ನೋರಿಗೆ

20 ಲೀಟರ್ ಕ್ಯಾನ್ ತಲೆಕೆಳಗಾಗಿ ಕೂರಿಸೋ ವಾಟರ್ ಡಿಸ್ಪೆನ್ಸರ್ ಇದೆಯಲ್ಲ, ಅದು ಕೆಟ್ಟಿದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದು "ಇತ್ತೀಚೆಗೆ ತೊಳೆದ್ರಾ?" ಅಂತ. ತುಂಬಾ ಸಲ ಹೌದು ಅಂತಾನೇ ಉತ್ತರ ಬರುತ್ತೆ. ತೊಳೆಯೋದು ಬೇಕೇ ಬೇಕು, ಮೂರು ತಿಂಗಳಿಗೆ ಒಂದು ಸಲನಾದ್ರೂ ಮಾಡ್ಲೇಬೇಕು, ಆದ್ರೆ ತೊಳೆದು ವಾಪಸ್ ಜೋಡಿಸುವಾಗ ಎರಡು ಕಡೆ ಎಡವಟ್ಟಾಗುತ್ತೆ, ಒಂದರಿಂದ ತಣ್ಣೀರು ಹೋಗುತ್ತೆ ಇನ್ನೊಂದರಿಂದ ಬಿಸಿನೀರು ಹೋಗುತ್ತೆ, ಆಮೇಲೆ ಮೆಷಿನ್ನೇ ಹೋಯ್ತು ಅಂತ ಮೆಕ್ಯಾನಿಕ್‌ಗೆ ದುಡ್ಡು ಸುರೀತಾರೆ.

ಬೆಂಗಳೂರಲ್ಲಿರೋ ನನ್ನ ತಂಗಿ ಮಗಳ ಮನೇಲಿ ಆಗಿದ್ದೇ ಇದು. "ದೊಡ್ಡಮ್ಮ, ನಿನ್ನೆ ಪೂರ್ತಿ ಕ್ಲೀನ್ ಮಾಡಿದೀನಿ, ಇವತ್ತು ಕೋಲ್ಡ್‌ನಲ್ಲಿ ಒಂದು ಲೋಟ ತಣ್ಣಗೆ ಬರುತ್ತೆ, ಎರಡನೇ ಲೋಟ ಹಾಗೇ ಮಾಮೂಲಿ ನೀರು, ಹಾಟ್ ಅಂತೂ ಬಿಸಿನೇ ಆಗ್ತಿಲ್ಲ, ಮೆಕ್ಯಾನಿಕ್ ಬಂದು ಗ್ಯಾಸ್ ಹೋಗಿದೆ, ಹೀಟರ್ ಸುಟ್ಟಿದೆ ಅಂದ" ಅಂತ ಹೇಳಿದ್ಲು. ನಿನ್ನೆವರೆಗೆ ಚೆನ್ನಾಗಿದ್ದ ಮೆಷಿನ್‌ನಲ್ಲಿ ಗ್ಯಾಸ್ ಮತ್ತೆ ಹೀಟರ್ ಎರಡೂ ಒಂದೇ ದಿನ ಹೋಗುತ್ತಾ? ಅದೂ ಒಂದು ಲೋಟ ತಣ್ಣಗೆ ಬರ್ತಿದೆ ಅಂದ್ರೆ ಗ್ಯಾಸ್ ಇದೆ, ಕಂಪ್ರೆಸರ್ ಕೆಲಸ ಮಾಡ್ತಿದೆ ಅಂತಾನೇ ಅರ್ಥ. ಸಿಂಕ್ ಪಕ್ಕ ನೋಡು, ದುಂಡಗೆ ಇಡ್ಲಿ ತಟ್ಟೆ ಥರದ್ದು ಬಿಳಿ ಪ್ಲಾಸ್ಟಿಕ್ ಪ್ಲೇಟ್ ಏನಾದ್ರೂ ಉಳಿದಿದೆಯಾ ಅಂದೆ. ಉಳಿದಿತ್ತು.

ಆ ಪ್ಲೇಟ್‌ದು ಏನು ಕೆಲಸ ಅಂತ ಗೊತ್ತಿರ್ಬೇಕು. ಕ್ಯಾನ್ ತೆಗೆದು ಮೇಲಿನ ಫನಲ್ ಎತ್ತಿದ್ರೆ ಒಳಗೆ ಸ್ಟೀಲ್ ಟ್ಯಾಂಕ್ ಕಾಣುತ್ತಲ್ಲ, ಅದೇ ಕೋಲ್ಡ್ ಟ್ಯಾಂಕ್, ಮನೆ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಮೂರು ಲೀಟರ್ ಆಸುಪಾಸು ಹಿಡಿಯುತ್ತೆ. ಕ್ಯಾನ್‌ನಿಂದ ಬರೋ ಮಾಮೂಲಿ ನೀರು ಪ್ಲೇಟ್ ಮೇಲೆ ನಿಲ್ಲುತ್ತೆ, ತಣ್ಣಗಾದ ನೀರು ಪ್ಲೇಟ್ ಕೆಳಗೆ ಇರುತ್ತೆ, ನಲ್ಲಿ ತಿರುಗಿಸಿದಾಗ ಕೆಳಗಿನ ತಣ್ಣೀರು ಮೊದಲು ಬರುತ್ತೆ, ಮೇಲಿನದು ನಿಧಾನಕ್ಕೆ ಅಂಚಿನಿಂದ ಇಳಿಯುತ್ತೆ. ಪ್ಲೇಟ್ ಇಲ್ದಿದ್ರೆ ಕ್ಯಾನ್ ನೀರು ಧುಮುಕಿ ಬಂದು ತಣ್ಣೀರಿನ ಜೊತೆ ಕಲಸಿಹೋಗುತ್ತೆ, ಒಂದು ಲೋಟ ಆದ್ಮೇಲೆ ತಣ್ಣಗೆ ಎಲ್ಲಿಂದ ಬರ್ಬೇಕು? ಇನ್ನೊಂದು ವಿಷಯ, ಸುಮಾರು ಮಾಡೆಲ್‌ಗಳಲ್ಲಿ ಪ್ಲೇಟ್ ಮಧ್ಯದಲ್ಲಿ ಒಂದು ಕೊಳವೆ ಇರುತ್ತೆ, ಅದು ಟ್ಯಾಂಕ್ ತಳದ ತೂತಿನೊಳಗೆ ಸರಿಯಾಗಿ ಕೂರಬೇಕು, ಯಾಕಂದ್ರೆ ಹಾಟ್ ಟ್ಯಾಂಕ್‌ಗೆ ನೀರು ಇಳಿಯೋದು ಆ ಕೊಳವೆಯಿಂದ. ಅದು ಕೂರದೇ ಇದ್ರೆ ಹಾಟ್ ಟ್ಯಾಂಕ್‌ಗೆ ತಣ್ಣಗಾದ ನೀರೇ ಹೋಗುತ್ತೆ, ಕಷ್ಟಪಟ್ಟು ತಣ್ಣಗೆ ಮಾಡಿದ ನೀರನ್ನ ಮತ್ತೆ ಕಾಯಿಸಿದ ಹಾಗೆ, ಕರೆಂಟೂ ದಂಡ. ಪ್ಲೇಟನ್ನ ಒತ್ತಿ ಕೂರಿಸಿ, ಬೆರಳಲ್ಲಿ ಅಲ್ಲಾಡಿಸಿ ನೋಡಿ, ಸಡಿಲ ಇರಬಾರದು.

ಈಗ ಹಾಟ್ ಕಡೆ ಏನಾಗಿತ್ತು ಅಂದ್ರೆ, ಅವಳು ಕ್ಯಾನ್ ಕೂರಿಸಿದ ತಕ್ಷಣ ಹಾಟ್ ಸ್ವಿಚ್ ಹಾಕಿದಾಳೆ. ಹಾಟ್ ಟ್ಯಾಂಕ್ ಪುಟ್ಟದು, ಒಂದು ಲೀಟರ್ ಚಿಲ್ಲರೆ, ಅದರ ಹೀಟರ್ ಸಾಮಾನ್ಯವಾಗಿ 500 ವಾಟ್ ಆಸುಪಾಸು ಇರುತ್ತೆ. ಖಾಲಿ ಮಾಡಿದ ಟ್ಯಾಂಕ್‌ನಲ್ಲಿ ಗಾಳಿ ತುಂಬಿರುತ್ತೆ, ಕ್ಯಾನ್ ಹಾಕಿದ ಮಾತ್ರಕ್ಕೆ ಆ ಗಾಳಿ ತಾನೇ ಹೋಗಲ್ಲ, ಹಾಟ್ ನಲ್ಲಿ ತೆರೆದು ಬಿಡ್ಬೇಕು, ಮೊದಲು ಬುಸ್ ಬುಸ್ ಅಂತ ಗಾಳಿ, ಆಮೇಲೆ ಉಗುಳುಗುಳಿ ನೀರು, ಆಮೇಲೆ ಒಂದೇ ಸಮ ಧಾರೆ ಬರುತ್ತೆ. ಆ ಧಾರೆ ಬಂದ ಮೇಲಷ್ಟೇ ಹಾಟ್ ಸ್ವಿಚ್ ಮುಟ್ಬೇಕು. ಮುಂಚೇನೇ ಹಾಕಿದ್ರೆ ಹೀಟರ್ ಒಣ ಟ್ಯಾಂಕನ್ನ ಕಾಯಿಸುತ್ತೆ, ನಿಮಿಷದಲ್ಲಿ ವಿಪರೀತ ಬಿಸಿಯಾಗಿ ಸೇಫ್ಟಿ ಥರ್ಮೋಸ್ಟಾಟ್ ಕಟ್ ಆಗುತ್ತೆ. ಕ್ಯಾನ್ ಖಾಲಿಯಾಗಿದ್ದು ಗಮನಿಸದೇ ಹಾಟ್ ಸ್ವಿಚ್ ಹಾಕೇ ಇಟ್ಟು ಊರಿಗೆ ಹೋದ್ರೂ ಇದೇ ಕಥೆ ಆಗಬಹುದು.

ಹಾಟ್ ಟ್ಯಾಂಕ್‌ಗೆ ಥರ್ಮೋಸ್ಟಾಟ್ ಸಾಧಾರಣವಾಗಿ ಎರಡು ಇರುತ್ತೆ, ಎರಡೂ ಒಂದು ರೂಪಾಯಿ ನಾಣ್ಯದ ಅಳತೆಯವು, ಟ್ಯಾಂಕ್ ಮೈಗೆ ಅಂಟಿಕೊಂಡಿರುತ್ತೆ. ಒಂದು ದಿನಾ ಕೆಲಸ ಮಾಡೋದು, ನೀರು 85-90 ಡಿಗ್ರಿ ಹತ್ತಿರ ಬಂದಾಗ ಆಫ್ ಮಾಡುತ್ತೆ, ಆರಿದಾಗ ತಾನೇ ಆನ್ ಮಾಡುತ್ತೆ. ಇನ್ನೊಂದು ಸೇಫ್ಟಿಗೆ, ಅದು ಒಂದು ಸಲ ಕಟ್ ಆದ್ರೆ ತಾನಾಗಿ ವಾಪಸ್ ಬರಲ್ಲ, ಅದರ ನಡುವೆ ಪುಟ್ಟ ಬಟನ್ ಇರುತ್ತೆ, ಅದನ್ನ ಒತ್ತಬೇಕು. ಕೆಲವು ಮೆಷಿನ್‌ನಲ್ಲಿ ಈ ಬಟನ್ ಹಿಂದುಗಡೆ ತೂತಿನಿಂದಾನೇ ಸಿಗುತ್ತೆ, ಕೆಲವದರಲ್ಲಿ ಹಿಂದಿನ ಶೀಟ್ ಸ್ಕ್ರೂ ಬಿಚ್ಚಬೇಕು. ಬಿಚ್ಚೋದಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕಿತ್ತು ಕಣ್ಣೆದುರಿಗೆ ಇಟ್ಕೊಳಿ, ಟ್ಯಾಂಕ್ ಪೂರ್ತಿ ಆರಲಿ, ಆಮೇಲೆ ಬಟನ್ ಒತ್ತಿ, ಟಕ್ ಅಂತ ಸಣ್ಣ ಸದ್ದು ಬೆರಳಿಗೇ ಗೊತ್ತಾಗುತ್ತೆ. ವಾರಂಟಿ ಇದ್ರೆ ಅಥವಾ ಕರೆಂಟ್ ಕೆಲಸ ಕೈಗೆ ಬರಲ್ಲ ಅಂದ್ರೆ ಬೇಡ, ಮೆಕ್ಯಾನಿಕ್‌ಗೇ "ಸೇಫ್ಟಿ ಟ್ರಿಪ್ ಆಗಿರ್ಬೇಕು, ಮೊದಲು ರೀಸೆಟ್ ಮಾಡಿ ನೋಡಪ್ಪ" ಅನ್ನಿ. ನನ್ನ ತಂಗಿ ಮಗಳ ಮನೇಲಿ ಅವಳ ಗಂಡ ಬಟನ್ ಒತ್ತಿದ, ಹಾಟ್ ನಲ್ಲಿ ತೆರೆದು ಧಾರೆ ನೋಡಿ ಆಮೇಲೆ ಸ್ವಿಚ್ ಹಾಕಿದ, ಹತ್ತು ನಿಮಿಷಕ್ಕೆ ನೀರು ಕಾದು ಲೈಟ್ ಆರ್ತು. ಹೀಟರ್‌ಗೆ ಏನೂ ಆಗಿರ್ಲಿಲ್ಲ.

ಆದ್ರೆ ಬಟನ್ ಒತ್ತಿ ಒಂದೆರಡು ದಿನಕ್ಕೆ ಮತ್ತೆ ಟ್ರಿಪ್ ಆದ್ರೆ ಸುಮ್ನೆ ಒತ್ತುತ್ತಾ ಕೂರಬೇಡಿ. ಹೀಟಿಂಗ್ ಲೈಟ್ ಆರೋದೇ ಇಲ್ಲ, ಒಳಗೆ ಗೊಳಗೊಳ ಕುದಿಯೋ ಸದ್ದು, ನಲ್ಲೀಲಿ ನೀರಿಗಿಂತ ಹಬೆ ಜಾಸ್ತಿ ಅಂದ್ರೆ ದಿನಾ ಕೆಲಸ ಮಾಡೋ ಥರ್ಮೋಸ್ಟಾಟ್ ಆಫ್ ಆಗದೆ ಆನ್‌ನಲ್ಲೇ ಸಿಕ್ಕಿಹಾಕ್ಕೊಂಡಿದೆ, ಅದನ್ನ ಬದಲಾಯಿಸ್ಬೇಕು. ಸಣ್ಣ ಪಾರ್ಟ್, ಹಳೇದರ ಮೈಮೇಲೆ ಬರೆದಿರೋ ಡಿಗ್ರಿ ಮತ್ತೆ ಆಂಪಿಯರ್ ನೋಡಿ ಅದನ್ನೇ ಹಾಕಿಸಿ. ಕೆಲವು ಮೆಕ್ಯಾನಿಕ್‌ಗಳು ಸೇಫ್ಟೀನ ಕಿತ್ತು ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಹೋಗ್ತಾರೆ, ದಯವಿಟ್ಟು ಅದಕ್ಕೆ ಒಪ್ಪಬೇಡಿ, ನೀರಿಲ್ಲದೆ ಟ್ಯಾಂಕ್ ಕಾದ್ರೆ ತಡೆಯೋಕೆ ಇರೋದು ಅದೊಂದೇ.

ತೊಳೆಯೋ ಕ್ರಮ ಹೇಳ್ತೀನಿ. ಮೊದಲು ಹಾಟ್ ಸ್ವಿಚ್ ಮಾತ್ರ ಆಫ್ ಮಾಡಿ ಕ್ಯಾನ್ ಇರುವಾಗ್ಲೇ ಹಾಟ್ ನಲ್ಲಿಯಿಂದ ಎರಡು ಮೂರು ಲೀಟರ್ ಬಕೆಟ್‌ಗೆ ಬಿಡಿ. ಯಾಕಂದ್ರೆ ಹಾಟ್ ನಲ್ಲಿ ನೀರು ಎತ್ಕೊಳೋದು ಟ್ಯಾಂಕ್‌ನ ಮೇಲ್ಭಾಗದಿಂದ, ಕ್ಯಾನ್ ತೆಗೆದ ಮೇಲೆ ನಲ್ಲೀಲಿ ನೀರು ನಿಂತ್ರೆ ಟ್ಯಾಂಕ್ ಖಾಲಿ ಅಂತಲ್ಲ, ಒಳಗೆ ತುಂಬ ಸುಡು ನೀರು ಇರುತ್ತೆ, ಗೊತ್ತಿಲ್ಲದೆ ಹಿಂದಿನ ಡ್ರೈನ್ ಮುಚ್ಚಳ ಬಿಚ್ಚಿದ್ರೆ ಕೈಮೇಲೆ, ಕಾಲಮೇಲೆ ಸುರಿಯುತ್ತೆ. ನಲ್ಲಿ ನೀರು ಉಗುರುಬೆಚ್ಚಗೆ ಬಂದ ಮೇಲೆ ಪ್ಲಗ್ ಕಿತ್ತು, ಕ್ಯಾನ್ ಇಳಿಸಿ, ಕೋಲ್ಡ್ ನಲ್ಲಿ ಬಿಟ್ಟು, ಕೊನೇಲಿ ಡ್ರೈನ್ ಬಿಚ್ಚಿ. ಪ್ಲೇಟ್ ತೆಗೆದು ಪಾತ್ರೆ ಸೋಪಿನಲ್ಲಿ ಮೆತ್ತಗೆ ತೊಳೆಯಿರಿ, ಕೆಳಭಾಗ ಸವರಿ ನೋಡಿ, ಜಾರೋ ಥರ ಲೋಳೆ ಸಿಗುತ್ತೆ, ಕೆಟ್ಟ ವಾಸನೆ ಬರೋದು ಅದರಿಂದ. ಟ್ಯಾಂಕ್ ಒಳಗೆ ಬಟ್ಟೆ ಸಾಕು, ಸ್ಟೀಲ್ ಜುಂಗು ಬೇಡ.

ಆಮೇಲೆ ಡ್ರೈನ್ ಮುಚ್ಚಿ, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದ್ರೆ 15 ಎಂಎಲ್, ವಾಸನೆ ಬಣ್ಣ ಸೇರಿಸದ ಲಿಕ್ವಿಡ್ ಬ್ಲೀಚ್ ಕಲಸಿ ಟ್ಯಾಂಕ್‌ಗೆ ಹುಯ್ಯಿರಿ, ಎರಡೂ ನಲ್ಲೀಲಿ ಒಂದೊಂದು ಲೋಟ ಹೊರಗೆ ಬಿಡಿ, ಪೈಪ್‌ಗೂ ತಾಗಲಿ. ಎರಡು ನಿಮಿಷಕ್ಕಿಂತ ಕಮ್ಮಿ ಬೇಡ, ಐದು ನಿಮಿಷಕ್ಕಿಂತ ಜಾಸ್ತೀನೂ ಬೇಡ, ಸ್ಟೀಲ್‌ಗೆ ಬ್ಲೀಚ್ ಒಳ್ಳೇದಲ್ಲ. ಪೂರ್ತಿ ಖಾಲಿ ಮಾಡಿ, ವಾಸನೆ ಹೋಗೋವರೆಗೆ ಒಳ್ಳೇ ನೀರಲ್ಲಿ ಮೂರು ನಾಲ್ಕು ಸಲ ಜಾಲಿಸಿ. ಬ್ಲೀಚಿಂಗ್ ಪೌಡರ್ ಬೇಡ, ಗಷ್ಟು ಪೈಪಲ್ಲಿ ಕೂರುತ್ತೆ.

ಬೋರ್‌ವೆಲ್ ನೀರು ತುಂಬಿಸೋರ ಮನೇಲಿ ಹಾಟ್ ಟ್ಯಾಂಕ್‌ನಲ್ಲಿ ಬಿಳಿ ಸುಣ್ಣ ಕಟ್ಟುತ್ತೆ, ನೀರಿನ ಜೊತೆ ಬಿಳಿ ಪುಡಿ ಬರುತ್ತೆ, ಕಾಯೋದೂ ತಡ ಆಗುತ್ತೆ. ಅದಕ್ಕೆ ನಿಂಬೆ ಉಪ್ಪು, ಅಂಗಡೀಲಿ ಸಿಟ್ರಿಕ್ ಆಸಿಡ್ ಅಂದ್ರೂ ಕೊಡ್ತಾರೆ, ಲೀಟರ್‌ಗೆ ಎರಡು ದೊಡ್ಡ ಚಮಚ ಕರಗಿಸಿ ತುಂಬಿ, ಹಾಟ್ ನಲ್ಲೀಲಿ ಧಾರೆ ಬಂದ ಮೇಲೆ ಒಂದು ಸಲ ಕಾಯಿಸಿ, ಆಫ್ ಮಾಡಿ ಅರ್ಧ ಗಂಟೆ ಬಿಡಿ, ಆರಿದ ಮೇಲೆ ಚೆಲ್ಲಿ ಚೆನ್ನಾಗಿ ಜಾಲಿಸಿ. ಇದನ್ನ ಬ್ಲೀಚ್ ಹಾಕಿದ ದಿನ ಮಾಡ್ಲೇಬೇಡಿ, ಬೇರೆ ದಿನ ಇಟ್ಕೊಳಿ. ಬ್ಲೀಚೂ ಹುಳೀನೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಚಿಕ್ಕ ಅಡುಗೆಮನೇಲಿ ಅದು ತುಂಬಾ ಅಪಾಯ.

ಪ್ಲೇಟೆಲ್ಲ ಸರಿ ಇದ್ದೂ ಮೊದಲ ಲೋಟದಿಂದಾನೇ ತಣ್ಣಗಿಲ್ಲ ಅಂದ್ರೆ ಆಗ ಹಿಂದೆ ನೋಡಿ. ಕೋಲ್ಡ್ ಸ್ವಿಚ್ ಆನ್ ಇದೆಯಾ, ಕಂಪ್ರೆಸರ್ ಗುಯ್ ಅಂತಿದೆಯಾ, ಹಿಂದಿನ ಕಪ್ಪು ಜಾಲರಿ ಬಿಸಿ ಇದೆಯಾ. ಜಾಲರಿ ಬಿಸಿ ಇದ್ರೆ ಧೂಳು ತೆಗೀರಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೀರಿ, ಎರಡು ಮೂರು ಗಂಟೆ ಕಾಯಿರಿ, ಬೇಸಿಗೇಲಿ ಇನ್ನೂ ಸ್ವಲ್ಪ ಜಾಸ್ತಿ. ಕಂಪ್ರೆಸರ್ ನಿಲ್ಲದೆ ಓಡ್ತಾನೇ ಇದೆ, ಜಾಲರಿ ಮಾತ್ರ ಬೆಚ್ಚಗೂ ಆಗಿಲ್ಲ ಅಂದ್ರೆ ಆಗ ಗ್ಯಾಸ್ ಅನುಮಾನ ಪಡಬಹುದು. ಕಂಪ್ರೆಸರ್ ಸದ್ದೇ ಇಲ್ಲ ಅಂದ್ರೆ ಹಿಂದೆ ಇರೋ ಕೋಲ್ಡ್ ಥರ್ಮೋಸ್ಟಾಟ್ ಯಾರಾದ್ರೂ ಕಮ್ಮಿ ಮಾಡಿದಾರಾ ನೋಡಿ, ಆಮೇಲೆ ಕಂಪ್ರೆಸರ್ ಸ್ಟಾರ್ಟ್ ಮಾಡೋ ರಿಲೇ ಚೆಕ್ ಮಾಡಿಸಿ. ಕೋಲ್ಡ್ ನಲ್ಲೀಲಿ ನೀರೇ ಬರ್ತಿಲ್ಲ ಅಂದ್ರೆ ಒಳಗೆ ಐಸ್ ಕಟ್ಟಿರ್ಬಹುದು, ಕೋಲ್ಡ್ ಆಫ್ ಮಾಡಿ ಕರಗೋಕೆ ಬಿಡಿ, ಥರ್ಮೋಸ್ಟಾಟ್ ಸ್ವಲ್ಪ ಕಮ್ಮಿಗೆ ತಿರುಗಿಸಿ.

ಟೇಬಲ್ ಮೇಲೆ ಇಡೋ ಹಗುರ ಮೆಷಿನ್ ಆದ್ರೆ ಅದರಲ್ಲಿ ಕಂಪ್ರೆಸರ್ರೇ ಇಲ್ದೇ ಇರ್ಬಹುದು, ಹಿಂದೆ ಸಣ್ಣ ಫ್ಯಾನ್ ತಿರುಗ್ತಾ ಇರುತ್ತೆ ಅಷ್ಟೇ. ಅಂಥದ್ದು ಹೊರಗಿನ ಸೆಕೆಗಿಂತ ಹತ್ತು ಹದಿನೈದು ಡಿಗ್ರಿ ಕಮ್ಮಿ ಮಾಡಿದ್ರೆ ಹೆಚ್ಚು, ರಾಯಚೂರು ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಫ್ರಿಜ್ ನೀರಿನಷ್ಟು ತಣ್ಣಗೆ ಅದರಿಂದ ಬರಲ್ಲ. ಆ ಫ್ಯಾನ್ ಧೂಳಿಗೆ ನಿಂತಿದ್ರೆ ಮಾತ್ರ ಕ್ಲೀನ್ ಮಾಡಿಸಿ ನೋಡಿ, ಫ್ಯಾನ್ ಚೆನ್ನಾಗಿ ತಿರುಗ್ತಿದ್ರೆ ರಿಪೇರಿಗೆ ದುಡ್ಡು ಹಾಕೋ ಮುಂಚೆ ಒಂದು ಮಡಕೆ ತಗೊಳ್ಳೋದೇ ವಾಸಿ.