ಗಲ್ಲಾದಲ್ಲಿರುವುದೆಲ್ಲ ವ್ಯಾಪಾರವಲ್ಲ: ಸಣ್ಣ ಅಂಗಡಿಯ ದಿನದ ಲೆಕ್ಕ ಬರೆಯುವುದು ಹೇಗೆ?

ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಎಣಿಸಿ, ಫೋನಿಗೆ ಬಂದದ್ದನ್ನು ಕೂಡಿಸಿ, ‘ಇವತ್ತು ಹತ್ತೂವರೆ ಸಾವಿರ ವ್ಯಾಪಾರ’ ಎಂದು ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿಡುವ ಕಿರಾಣಿ ಅಂಗಡಿಯವರು ಬಹಳ ಮಂದಿ. ಆ ಹತ್ತೂವರೆ ಸಾವಿರದಲ್ಲಿ ಬೆಳಿಗ್ಗೆ ಇಟ್ಟ ಚಿಲ್ಲರೆಯೂ ಇರುತ್ತದೆ, ಹೋದ ತಿಂಗಳ ಉದ್ರಿ ವಸೂಲಿಯೂ ಇರುತ್ತದೆ. ಹಾಲಿನವರಿಗೆ ಗಲ್ಲಾದಿಂದಲೇ ಎತ್ತಿ ಕೊಟ್ಟದ್ದು ಮಾತ್ರ ಇರುವುದಿಲ್ಲ.

ಪುಸ್ತಕ: ಇನ್ನೂರು ಪುಟದ ಗೆರೆ ಹಾಕಿದ ಲಾಂಗ್ ಬುಕ್ ಒಂದು, ಬಾಲ್ ಪೆನ್ ಒಂದು ಸಾಕು. ದಿನಕ್ಕೊಂದು ಪುಟ. ಜಮಾ-ಖರ್ಚು ಮನೆಗಳನ್ನು ಮೊದಲೇ ಅಚ್ಚು ಹಾಕಿದ ದಪ್ಪ ರಟ್ಟಿನ ಪುಸ್ತಕಗಳು ಬೇಡ, ಅವುಗಳ ಅರ್ಧ ಮನೆಗಳು ಖಾಲಿಯೇ ಉಳಿಯುತ್ತವೆ. ವೈಟ್ನರ್ ಅಂತೂ ಬೇಡವೇ ಬೇಡ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಹಳೆಯ ಅಂಕಿ ಕಾಣುತ್ತಿರಬೇಕು.

ಬೆಳಿಗ್ಗೆ: ಗಲ್ಲಾದಲ್ಲಿರುವ ನಗದನ್ನು ಎಣಿಸಿ ಪುಟದ ತಲೆಯಲ್ಲಿ ‘ಆರಂಭದ ಶಿಲ್ಕು’ ಎಂದು ಬರೆಯಿರಿ. ದಿನವೂ ಒಂದೇ ಮೊತ್ತ ಇಟ್ಟುಕೊಂಡರೆ ತಲೆನೋವು ಕಡಿಮೆ. ನಮ್ಮ ಉದಾಹರಣೆಯಲ್ಲಿ ಅದು 1,500 ರೂಪಾಯಿ.

ಹಗಲಲ್ಲಿ: ಶಾಂಪೂ ಪೊಟ್ಟಣ, ಕಾಲು ಕಿಲೋ ಸಕ್ಕರೆ ಎಂದು ಪ್ರತಿ ಮಾರಾಟವನ್ನೂ ಬರೆಯುತ್ತ ಕೂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಮಾರಾಟ ದಿನಕ್ಕೆ ನೂರಾರು ಸಲ, ಗಲ್ಲಾದಿಂದ ಹಣ ಹೊರಗೆ ಹೋಗುವುದು ಎಂಟೋ ಹತ್ತೋ ಸಲ. ಹಾಗಾಗಿ ಹೊರಗೆ ಹೋದದ್ದನ್ನು, ಉದ್ರಿ ಕೊಟ್ಟದ್ದನ್ನು, ಉದ್ರಿ ಬಂದದ್ದನ್ನು ಮಾತ್ರ ಬರೆಯಿರಿ, ಮಾರಾಟವನ್ನು ರಾತ್ರಿ ಹಿಂದಿನಿಂದ ಲೆಕ್ಕ ಹಾಕಿ ತೆಗೆಯಬಹುದು. ಆದರೆ ಹಣ ಕೈಬಿಡುವ ಮೊದಲೇ ಬರೆಯಬೇಕು. ರಾತ್ರಿ ನೆನಪು ಮಾಡಿಕೊಂಡು ಬರೆದ ಪುಟದಲ್ಲಿ ಚಹಾದ ನಲವತ್ತು ರೂಪಾಯಿ ಖಂಡಿತ ಬಿಟ್ಟುಹೋಗಿರುತ್ತದೆ.

ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿ: ಮಾಲಿಗೆ ಕೊಟ್ಟಿದ್ದಕ್ಕೆ ‘ಮಾ’, ಅಂಗಡಿ ಖರ್ಚಿಗೆ ‘ಖ’, ಮನೆಗೆ ಒಯ್ದಿದ್ದಕ್ಕೆ ‘ಮನೆ’, ಪಿಗ್ಮಿಗೆ ಕಟ್ಟಿದ್ದಕ್ಕೆ ‘ಪಿ’. ಪಿಗ್ಮಿಯನ್ನು ಖರ್ಚಿನ ಜೊತೆ ಸೇರಿಸುವವರಿದ್ದಾರೆ. ಅದು ನಿಮ್ಮದೇ ಹಣ ಜಾಗ ಬದಲಿಸಿದ್ದು ಅಷ್ಟೇ. ಮನೆಗೆ ತಂದ ತರಕಾರಿಯೂ ಅಂಗಡಿಯ ಖರ್ಚಲ್ಲ.

ಒಂದು ದಿನದ ಪುಟ ಹೀಗಿರುತ್ತದೆ:

ಆರಂಭದ ಶಿಲ್ಕು: 1,500
ಉದ್ರಿ ವಸೂಲಿ, ನಗದು: 700

ಹೊರಗೆ ಹೋದದ್ದು:
ಹಾಲು (ಮಾ): 1,120
ಬಿಸ್ಕತ್ ಲೈನ್ ಗಾಡಿ (ಮಾ): 1,850
ಆಟೊ ಬಾಡಿಗೆ (ಖ): 80
ಚಹಾ (ಖ): 40
ತರಕಾರಿ (ಮನೆ): 200
ಪಿಗ್ಮಿ (ಪಿ): 300
ಒಟ್ಟು: 3,590

ರಾತ್ರಿ ಎಣಿಸಿದ ನಗದು: 6,240
ಯುಪಿಐ ಒಟ್ಟು: 4,385 (ಇದರಲ್ಲಿ ಉದ್ರಿ ವಸೂಲಿ 500)
ಇಂದು ಕೊಟ್ಟ ಉದ್ರಿ: 640

ರಾತ್ರಿ: ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಎಣಿಸಿದ ನಗದು 6,240. ಹೊರಗೆ ಹೋದ 3,590 ಕೂಡ ಗಲ್ಲಾದಲ್ಲೇ ಇದ್ದ ಹಣ, ಅದನ್ನು ಮರಳಿ ಕೂಡಿಸಿ: 9,830. ಇದರಲ್ಲಿ ಬೆಳಗಿನ 1,500 ಇವತ್ತು ದುಡಿದದ್ದಲ್ಲ. ವಸೂಲಿಯಾದ 700 ರೂಪಾಯಿಯ ಸಾಮಾನು ಹಿಂದೆಯೇ ಹೋಗಿದೆ, ಅದನ್ನು ಕೊಟ್ಟ ದಿನವೇ ವ್ಯಾಪಾರವೆಂದು ಬರೆದಿದ್ದೀರಿ. ಎರಡನ್ನೂ ಕಳೆಯಿರಿ. ಉಳಿದ 7,630 ನಗದು ವ್ಯಾಪಾರ.

ಯುಪಿಐನಲ್ಲೂ ಹಾಗೆಯೇ. 4,385ರಲ್ಲಿ ಹಳೆಯ ಬಾಕಿಯ 500 ಕಳೆದರೆ 3,885. ಇವತ್ತು ಉದ್ರಿ ಕೊಟ್ಟ 640ರ ದುಡ್ಡು ಬಂದಿಲ್ಲ, ಆದರೆ ಸಾಮಾನು ಹೋಗಿದೆ, ಅದೂ ವ್ಯಾಪಾರವೇ. ಮೂರನ್ನೂ ಕೂಡಿಸಿದರೆ 12,155. ಗಲ್ಲಾ ಮತ್ತು ಫೋನು ಮಾತ್ರ ಕೂಡಿಸಿದವರಿಗೆ ಕಾಣುತ್ತಿದ್ದದ್ದು 10,625.

ಇನ್ನೊಂದು ಗೋಜಲು ಯಾವಾಗಲೂ ಬರುತ್ತದೆ. ಗಿರಾಕಿ 320ರ ಸಾಮಾನು ತೆಗೆದುಕೊಂಡು 500 ಸ್ಕ್ಯಾನ್ ಮಾಡಿ, ಉಳಿದ 180 ನಗದು ಕೇಳುತ್ತಾರೆ. ಈ 180ನ್ನು ಹೊರಗೆ ಹೋದದ್ದರಲ್ಲಿ ಬರೆಯಬೇಡಿ. ಯುಪಿಐನಲ್ಲಿ 180 ಹೆಚ್ಚು, ಗಲ್ಲಾದಲ್ಲಿ 180 ಕಡಿಮೆ, ಒಟ್ಟು ಮೊತ್ತ ತಾನಾಗಿಯೇ ಸರಿಹೋಗುತ್ತದೆ. ಬರೆದರೆ ವ್ಯಾಪಾರ 180 ಉಬ್ಬುತ್ತದೆ.

ಯುಪಿಐ ಮೊತ್ತವನ್ನು ಆ್ಯಪಿನ ದಿನದ ಪಟ್ಟಿ ನೋಡಿ ಬರೆಯಿರಿ, ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ ಅಲ್ಲ. ಅಂಗಡಿಯ ಕ್ಯೂಆರ್‌ಗೆ ಬಂದ ಹಣ ಎಷ್ಟೋ ಸಲ ಮಾರನೇ ದಿನ ಖಾತೆಗೆ ಜಮೆಯಾಗುತ್ತದೆ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಲೆಕ್ಕಕ್ಕೇ ಇಲ್ಲ. ಅಂಗಡಿಗೆಂದೇ ಬೇರೆ ಖಾತೆ, ಬೇರೆ ಕ್ಯೂಆರ್ ಇರಲಿ. ಮಗನ ಫೋನಿನ ಕ್ಯೂಆರ್ ಅಂಟಿಸಿದರೆ ಅವನ ಗೆಳೆಯರ ದುಡ್ಡೂ ನಿಮ್ಮ ವ್ಯಾಪಾರವಾಗಿ ಕಾಣುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಅದರಲ್ಲಿ ಕೈಗಡ, ಮನೆಯ ಹಣವೂ ಸೇರಿದೆ ಎಂದವರು ಹಲವರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಯಾವ ಹಣ ಯಾವುದೆಂದು ಅದೇ ದಿನ ಬರೆದ ಪುಟವಿದ್ದರೆ ವಿವರಿಸಲು ಆಧಾರವಿರುತ್ತದೆ.

ಉದ್ರಿ: ಒಬ್ಬರಿಗೆ ಒಂದು ಪುಟದಂತೆ ಬೇರೆ ಪುಸ್ತಕ ಮಾಡಿ. ಗಿರಾಕಿಯ ಕೈಯಲ್ಲೊಂದು ಸಣ್ಣ ಪುಸ್ತಕ ಕೊಟ್ಟು ಎರಡರಲ್ಲೂ ಒಟ್ಟಿಗೇ ಬರೆದರೆ ಜಗಳಕ್ಕೆ ಎಡೆಯಿಲ್ಲ. ಉದ್ರಿ ಆ್ಯಪ್‌ಗಳೂ ಆಗಬಹುದು, ಆದರೆ ತಾನಾಗಿ ಹೋಗುವ ‘ಬಾಕಿ ಕಟ್ಟಿ’ ಸಂದೇಶವನ್ನು ಮೊದಲು ನಿಲ್ಲಿಸಿ, ಇಪ್ಪತ್ತು ರೂಪಾಯಿಗೆ ಒಳ್ಳೆಯ ಗಿರಾಕಿ ಮುನಿಸಿಕೊಂಡು ಹೋಗುತ್ತಾರೆ. ದಿನದ ಪುಟದ ಕೆಳಗೆ ಒಟ್ಟು ಬಾಕಿ ಬರೆಯಿರಿ: ನಿನ್ನೆಯದು 18,460, ಇವತ್ತು ಕೊಟ್ಟದ್ದು 640, ಬಂದದ್ದು 1,200, ಉಳಿದದ್ದು 17,900. ತಿಂಗಳಿಗೊಮ್ಮೆ ಎಲ್ಲ ಗಿರಾಕಿಗಳ ಪುಟ ಕೂಡಿಸಿದಾಗ ಈ ಅಂಕಿ ಹೊಂದದಿದ್ದರೆ ಎಲ್ಲೋ ಒಂದು ಕಡೆ ಬರೆದು ಇನ್ನೊಂದು ಕಡೆ ಮರೆತಿದ್ದೀರಿ.

ತಿಂಗಳ ಕೊನೆ: ಈ ಪದ್ಧತಿಗೆ ಒಂದು ಕುಂದಿದೆ. ಗಲ್ಲಾದಿಂದ ಯಾರಾದರೂ ಇನ್ನೂರು ಎತ್ತಿಕೊಂಡರೆ ಅದು ಕೊರತೆಯೆಂದು ಕಾಣದೆ ‘ವ್ಯಾಪಾರ ಕಡಿಮೆ’ ಎಂದು ಕಾಣುತ್ತದೆ. ಅದನ್ನು ಹಿಡಿಯಲು ದಾಸ್ತಾನು ಎಣಿಸಲೇಬೇಕು, ಖರೀದಿ ದರದಲ್ಲಿ. ತಿಂಗಳ ಆರಂಭದ ಮಾಲು 1,80,000, ಖರೀದಿ 3,05,000, ಕೊನೆಯಲ್ಲಿ ಉಳಿದದ್ದು 1,76,000 ಎಂದಿಟ್ಟುಕೊಳ್ಳಿ. ಹೊರಗೆ ಹೋದ ಮಾಲು 3,09,000. ವ್ಯಾಪಾರ 3,40,000 ಆಗಿದ್ದರೆ ಉಳಿದದ್ದು 31,000, ನೂರಕ್ಕೆ ಒಂಬತ್ತು. ಬಾಡಿಗೆ, ಕರೆಂಟ್ ಬಿಲ್ಲು ಇದರಿಂದಲೇ ಹೋಗಬೇಕು.

ಈ ಪಾಲು ಮೊದಲಿಗಿಂತ ಇಳಿದಿದೆ ಅನ್ನಿಸಿದರೆ ಗಲ್ಲಾದಲ್ಲಿ ಕೂತವರ ಮೇಲೆ ಅನುಮಾನ ಪಡುವ ಮುಂಚೆ ಮನೆಯ ಅಡುಗೆಮನೆ ನೋಡಿ. ತಿಂಗಳಿಡೀ ಅಂಗಡಿಯಿಂದ ಒಯ್ದ ಅಕ್ಕಿ, ಎಣ್ಣೆ, ಬೇಳೆ ಖರೀದಿ ದರದಲ್ಲಿ 4,000 ಆಗಿದ್ದರೆ ಮಾರಿದ ಮಾಲು 3,05,000 ಮಾತ್ರ, ಉಳಿಕೆ 35,000. ಆ ಸಾಮಾನನ್ನು ದಿನದ ಪುಟದಲ್ಲಿ ‘ಮನೆ, ಸಾಮಾನು’ ಎಂದು ಬರೆಯಿರಿ. ನಗದು ಹೊರಗೆ ಹೋಗದ ಕಾರಣ 3,590ರಂಥ ಮೊತ್ತದಲ್ಲಿ ಮಾತ್ರ ಅದನ್ನು ಕೂಡಿಸಬೇಡಿ.