ಮನೆಯಲ್ಲೇ ಹುಟ್ಟಿದವರಿಗೆ ಈಗ ಜನನ ಪ್ರಮಾಣಪತ್ರ ಹೇಗೆ?

ಹೀಗಿಟ್ಟುಕೊಳ್ಳಿ. ಬಳ್ಳಾರಿಯಲ್ಲಿ ಸಂಸಾರ ಮಾಡಿಕೊಂಡಿರುವ ಮಹಿಳೆ. ಹುಟ್ಟಿದ್ದು 1978ರಲ್ಲಿ, ಕುಕನೂರು ಹತ್ತಿರದ ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಇವರು ಅರ್ಜಿ ಹಾಕಬೇಕಾದದ್ದು ಬಳ್ಳಾರಿಯಲ್ಲಲ್ಲ, ಕೊಪ್ಪಳದಲ್ಲಿ. ಈಗ ಎಲ್ಲಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ, ಹುಟ್ಟಿದ ಊರು ಯಾರ ವ್ಯಾಪ್ತಿಗೆ ಬರುತ್ತದೋ ಅವರೇ ಆದೇಶ ಕೊಡಬೇಕು.

ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ಹಳೆಯ ಜನನ ರಿಜಿಸ್ಟರ್ ಹುಡುಕಿಸಿ. ನಿಮ್ಮ ಹೆಸರು ಕಾಣಲಿಲ್ಲ ಅಂತ ವಾಪಸ್ ಬರಬೇಡಿ. ಆಗ ಎಷ್ಟೋ ಸಲ ಹೆಸರಿಡುವ ಮುಂಚೆಯೇ ಬರೆಸುತ್ತಿದ್ದರು, ಅಲ್ವಾ? ತಂದೆಯ ಹೆಸರಿನ ಮುಂದೆ ಬರೀ ‘ಹೆಣ್ಣು’ ಅಂತ ಇರಬಹುದು. ಹಿಂದಿನ, ಮುಂದಿನ ವರ್ಷವನ್ನೂ ನೋಡಿಸಿ. ಸಿಕ್ಕರೆ ಹೊಸ ನೋಂದಣಿ ಬೇಡ, ಹೆಸರು ಸೇರಿಸುವ ಅರ್ಜಿ ಕೊಡಿ. ಸಿಗದಿದ್ದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆಯಿರಿ. ಮುಂದಿನ ಕೆಲಸಕ್ಕೆಲ್ಲ ಅದೇ ಆಧಾರ.

ನಂತರ ಓದಿದ ಶಾಲೆಗೆ ಹೋಗಿ. ಟಿ.ಸಿ. ಜೊತೆಗೆ ಒಂದನೇ ತರಗತಿಯ ದಾಖಲಾತಿ ರಿಜಿಸ್ಟರಿನ ನಕಲನ್ನು ಮುಖ್ಯೋಪಾಧ್ಯಾಯರ ಸಹಿ, ಸೀಲಿನೊಂದಿಗೆ ಕೇಳಿ. ಅದರಲ್ಲಿ ‘ಯಲಬುರ್ಗಾ ತಾಲ್ಲೂಕು, ರಾಯಚೂರು ಜಿಲ್ಲೆ’ ಎಂದಿದ್ದರೆ ಗಾಬರಿ ಬೇಡ. ಕೊಪ್ಪಳ ಜಿಲ್ಲೆ ಆಗಿದ್ದು 1990ರ ದಶಕದ ಕೊನೆಗೆ, ಕುಕನೂರು ತಾಲ್ಲೂಕು ಆಗಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಅಫಿಡವಿಟ್‌ನಲ್ಲಿ ‘ಆಗಿನ’, ‘ಈಗಿನ’ ಎಂದು ಎರಡನ್ನೂ ಬರೆಸಿ. ತವರಿನ ಹೆಸರು, ಮದುವೆಯ ನಂತರದ ಹೆಸರು ಬೇರೆಯಾದರೆ ಇಬ್ಬರೂ ಒಬ್ಬರೇ ಎಂದೂ ಸೇರಿಸಿ.

ಕೆಲಸ ಕೆಡುವುದು ಜಾಸ್ತಿ ತಾರೀಖಿನಲ್ಲಿ. ಮೇಷ್ಟ್ರು ಸುಮ್ನೆ 1-6-1978 ಎಂದು ಬರೆದಿರುತ್ತಾರೆ. ಬೆನ್ನಿಗೆ ಹುಟ್ಟಿದ ತಮ್ಮನಿಗೆ 5-12-1978! ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಆರು ತಿಂಗಳ ಅಂತರ. ಅಧಿಕಾರಿ ಸುಮ್ಮನಿರುತ್ತಾರೆಯೇ? ಅರ್ಜಿಗೆ ಮೊದಲೇ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ತಾರೀಖು ಹೊಂದಿಸಿ ನೋಡಿಕೊಳ್ಳಿ.

ತಾಯಿ ಇದ್ದರೆ ಅವರ ಅಫಿಡವಿಟ್ಟೇ ಗಟ್ಟಿ. ಇಲ್ಲದಿದ್ದರೆ ಹೆರಿಗೆ ಹೊತ್ತಿಗೆ ಮನೆಯಲ್ಲಿದ್ದ ಹಿರಿಯರದ್ದು. ನೋಟರಿ ಅಂಗಡಿಯ ರೆಡಿ ನಮೂನೆಗೆ ಹೆಬ್ಬೆಟ್ಟು ಒತ್ತಿಸಬೇಡಿ. ಯಾವ ಮನೆ, ಯಾರು ಜೊತೆಗಿದ್ದರು, ಎಷ್ಟನೇ ಹೆರಿಗೆ ಎಂದು ಅವರಿಗೆ ಗೊತ್ತಿರುವುದನ್ನೇ ಬರೆಸಿ. ‘ಪಂಚಮಿ ಹಬ್ಬದ ಹಿಂದೆ ಮುಂದೆ’ ಎಂದಷ್ಟೇ ನೆನಪಿದ್ದರೆ ಜೂನ್ 1ಕ್ಕೆ ಅವರಿಂದ ಆಣೆ ಮಾಡಿಸುವುದು ತಪ್ಪು. ತಾರೀಖು ಶಾಲಾ ದಾಖಲೆಯ ಪ್ರಕಾರ ಎಂದೇ ಇರಲಿ.

ವರ್ಷ ದಾಟಿದ ಜನನಕ್ಕೆ ಮೊದಲು ಕೋರ್ಟ್ ಆದೇಶ ಬೇಕಿತ್ತು. ಕೇಂದ್ರದ ತಿದ್ದುಪಡಿ ಜಾರಿಯಾದ 1-10-2023ರಿಂದ ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟ್, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಿ ಆದೇಶ ಕೊಡಬಹುದು. ನಮ್ಮ ಕಡೆ ಎ.ಸಿ. ಕಚೇರಿಯಲ್ಲೇ ವಿಚಾರಿಸಿ. ರಾಯಚೂರಿನವರಾದರೆ ನಿಮ್ಮ ಊರು ರಾಯಚೂರು ಉಪವಿಭಾಗವೋ ಲಿಂಗಸುಗೂರೋ ನೋಡಿಕೊಳ್ಳಿ.

ಆದೇಶ ಸಿಕ್ಕ ಮೇಲೆ ಜನನ ನೋಂದಣಾಧಿಕಾರಿಗೆ ಕೊಟ್ಟು ತಡದ ಶುಲ್ಕ ಕಟ್ಟಿ. ಪ್ರಮಾಣಪತ್ರದಲ್ಲಿ ನೋಂದಣಿ ದಿನಾಂಕ ಈ ವರ್ಷದ್ದೇ ಇರುತ್ತದೆ, ಅದು ತಪ್ಪಲ್ಲ.

ಅಂದಹಾಗೆ, ಬರೀ ಪಾಸ್‌ಪೋರ್ಟಿಗಾಗಿ ಇಷ್ಟೆಲ್ಲ ಓಡಾಡಬೇಕಿಲ್ಲ. 1-10-2023ಕ್ಕಿಂತ ಮೊದಲು ಹುಟ್ಟಿದವರು ಟಿ.ಸಿ., ಪ್ಯಾನ್ ಕಾರ್ಡ್‌ನಂಥ ದಾಖಲೆಯನ್ನೂ ಕೊಡಬಹುದು.